ಹಠಾತ್ತಾಗಿ ತೀರಿಕೊಂಡ ಸಹೋದ್ಯೋಗಿಯ ಸಂತಾಪ ಸಭೆಯಲ್ಲಿ ಮೂರು ನಿಮಿಷ ಮಾತಾಡುವುದು ಹೇಗೆ

"ನಾಳೆ ಸಂಜೆ ಸಭೆ ಇದೆ. ನಾನೂ ಎರಡು ಮಾತು ಆಡಬೇಕಂತೆ. ಏನು ಹೇಳಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಭಾಷಣಕಾರರಲ್ಲ. ತೀರಿಕೊಂಡವರ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಮಾಡಿದವರು. ಮೊನ್ನೆ ಮೊನ್ನೆ ಮಾತಾಡಿದ ಮನುಷ್ಯ ಈಗಿಲ್ಲ ಅನ್ನುವುದೇ ಅವರಿಗೆ ಇನ್ನೂ ಪೂರ್ತಿ ಒಳಗೆ ಇಳಿದಿರುವುದಿಲ್ಲ. ಅಷ್ಟರಲ್ಲಿ ಮಾತಾಡಲು ಹೆಸರು ಬರೆಸಲಾಗಿರುತ್ತದೆ.

ಈ ಲೇಖನ ಅಂಥವರಿಗೆ. ಸಂಸ್ಥೆಯ ಪರವಾಗಿ ಮಾತಾಡುವ ಮುಖ್ಯಸ್ಥರಿಗಲ್ಲ, ಜೊತೆಯಲ್ಲಿ ಕೆಲಸ ಮಾಡಿದವರಿಗೆ. ಸಾವಾಗಿ ಕೆಲವೇ ದಿನ ಆಗಿದೆ, ಮನೆಯವರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ, ನಿಮಗೆ ಸಿಗುವುದು ಮೂರು ನಿಮಿಷ ಅಂತ ಇಟ್ಟುಕೊಂಡು ಬರೆದಿದ್ದೇನೆ.

ಬೇಕಾಗುವುದು ಇಷ್ಟು: ನಾಲ್ಕೈದು ಖಾಲಿ ಹಾಳೆ, ಒಂದು ಪೆನ್ನು, ಒಂದು ಗಡಿಯಾರ, ತೀರಿಕೊಂಡವರ ಜೊತೆ ಕೆಲಸ ಮಾಡಿದ ಇನ್ನೊಬ್ಬರು, ಎಲ್ಲ ಸೇರಿ ಎರಡು ಗಂಟೆ ಸಮಯ.

ಶುರು ಮಾಡುವ ಮುಂಚೆ ಒಂದು ಮಾತು. ಮನೆಯವರು ಅವರನ್ನು ಬೆಳಿಗ್ಗೆ ನೋಡಿದ್ದಾರೆ, ರಾತ್ರಿ ನೋಡಿದ್ದಾರೆ. ನಡುವಿನ ಎಂಟು ಗಂಟೆ ಅವರು ಕಂಡಿಲ್ಲ. ಅದನ್ನು ಕಂಡವರು ನೀವು. ಅವರ ಒಳ್ಳೆಯತನವನ್ನು ಮನೆಯವರಿಗೆ ನೀವು ಹೇಳಿಕೊಡಬೇಕಾಗಿಲ್ಲ, ಅದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆ ಎಂಟು ಗಂಟೆಯ ಒಂದು ತುಣುಕನ್ನು ಅವರ ಕೈಗೆ ಕೊಡುವುದು ನಿಮ್ಮ ಕೆಲಸ. ಮುಂದೆ ಹೇಳುವುದೆಲ್ಲ ಇದಕ್ಕಾಗಿಯೇ.

1. ಬರೆಯುವ ಮುಂಚೆ ಎರಡು ಫೋನ್ ಮಾಡಿ

ಮೊದಲ ಫೋನ್ ಸಭೆ ನಡೆಸುವವರಿಗೆ. ಎಷ್ಟು ಜನ ಮಾತಾಡುತ್ತಾರೆ, ನಿಮ್ಮ ಸರದಿ ಯಾವಾಗ, ಮೈಕ್ ಇದೆಯಾ, ಮೌನಾಚರಣೆ ಯಾವಾಗ ಎಂದು ಕೇಳಿ. ಹುಟ್ಟಿದ್ದು, ಓದಿದ್ದು, ಕೆಲಸಕ್ಕೆ ಸೇರಿದ್ದು ಮುಂತಾದ ವಿವರಗಳನ್ನು ಯಾರು ಹೇಳುತ್ತಾರೆ ಎಂಬುದನ್ನು ಮರೆಯದೆ ಕೇಳಿ. ಅದನ್ನು ಒಬ್ಬರು ಹೇಳಿದರೆ ಸಾಕು. ಆರು ಜನ ಆರು ಸಲ ಅದೇ ಇಸವಿಗಳನ್ನು ಹೇಳಿದರೆ ಮುಂದಿನ ಸಾಲಿನಲ್ಲಿ ಕೂತವರಿಗೆ ಅದು ಹಿಂಸೆ.

ಎರಡನೆಯ ಫೋನ್ ಮನೆಯ ಕಡೆಗೆ. ಗಂಡ, ಹೆಂಡತಿ, ತಂದೆ ತಾಯಿಗೆ ನೇರವಾಗಿ ಮಾಡಬೇಡಿ. ಇಂಥ ಹೊತ್ತಿನಲ್ಲಿ ಎಲ್ಲ ವ್ಯವಸ್ಥೆ ನೋಡಿಕೊಳ್ಳುವ ಒಬ್ಬ ಬಂಧುವೋ ಸ್ನೇಹಿತರೋ ಇದ್ದೇ ಇರುತ್ತಾರೆ. ಅವರನ್ನು ಕೇಳಿ. ಸಭೆಯಲ್ಲಿ ಯಾವ ಹೆಸರು ಹೇಳಬೇಕು? ಆಫೀಸಿನಲ್ಲಿ ಕರೆಯುವ ಅಡ್ಡಹೆಸರು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಮುಂದೆ ಯಾರು ಕೂತಿರುತ್ತಾರೆ, ಅವರ ಹೆಸರೇನು? ಸಾವಿನ ಕಾರಣದ ಬಗ್ಗೆ ಏನನ್ನು ಹೇಳಬಹುದು, ಏನನ್ನು ಹೇಳಬಾರದು? ದೇವರು, ಪ್ರಾರ್ಥನೆಯ ಮಾತು ಅವರಿಗೆ ಬೇಕಾ ಬೇಡವಾ? ನಿಮಗೆ ನಂಬಿಕೆ ಇರಬಹುದು, ಹೋದವರಿಗೆ ಇಲ್ಲದೇ ಇರಬಹುದು.

ಇಲ್ಲಿ ತುಂಬಾ ಜನ ಎಡವುವುದು ನೆನಪನ್ನು ನಂಬಿ. ನಾನೂ ಒಮ್ಮೆ ಹಾಗೇ ಮಾಡಿದ್ದೇನೆ. ಒಬ್ಬರು ಹದಿಮೂರು ವರ್ಷ ನಮ್ಮ ಜೊತೆ ಇದ್ದರು ಅಂದೆ. ಮುಂದಿನ ಸಾಲಿನಿಂದ ಅವರ ಮಗಳು ಮೆಲ್ಲಗೆ "ಹದಿನಾರು" ಅಂದಳು. ಆಮೇಲೆ ನಾನು ಹೇಳಿದ್ದು ಯಾವುದೂ ಆ ಮಗುವಿನ ಕಿವಿಗೆ ಬಿದ್ದಿರಲಿಕ್ಕಿಲ್ಲ. ವರ್ಷ, ಹುದ್ದೆ, ಹೆಸರಿನ ಉಚ್ಚಾರಣೆ, ಈ ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಖಾತ್ರಿ ಇಲ್ಲದ ಸಂಖ್ಯೆಯನ್ನು ಬಿಟ್ಟುಬಿಡಿ.

2. ಗುಣಗಳನ್ನಲ್ಲ, ಕಂಡದ್ದನ್ನು ಬರೆಯಿರಿ

ಈಗ ಹಾಳೆ ತೆಗೆಯಿರಿ. ಹದಿನೈದು ನಿಮಿಷ ಇಟ್ಟುಕೊಳ್ಳಿ. ಕೈ ತಾನಾಗಿ ಬರೆಯುವುದು ಗುಣಗಳನ್ನು: ಶ್ರಮಜೀವಿ, ಸಹೃದಯಿ, ಶಿಸ್ತಿನ ಮನುಷ್ಯ. ಅವನ್ನು ಬರೆಯಬೇಡಿ. ಕಣ್ಣಿಗೆ ಕಂಡದ್ದನ್ನು, ಕಿವಿಗೆ ಬಿದ್ದದ್ದನ್ನು ಮಾತ್ರ ಬರೆಯಿರಿ. ನೆನಪು ಬರದಿದ್ದರೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ:

- ಬೇರೆ ಯಾರ ಹತ್ತಿರವೂ ಕೇಳದೆ, ಅವರ ಹತ್ತಿರವೇ ಕೇಳಲು ಹೋಗುತ್ತಿದ್ದ ವಿಷಯ ಯಾವುದು?
- ಯಾರಾದರೂ ತಪ್ಪು ಮಾಡಿದಾಗ ಅವರು ಏನು ಮಾಡುತ್ತಿದ್ದರು?
- ಅವರ ಮೇಜು ಹೇಗಿರುತ್ತಿತ್ತು?
- ಅವರು ಇಲ್ಲದ ಈ ಕೆಲವು ದಿನಗಳಲ್ಲಿ ಯಾವ ಕೆಲಸ ನಿಂತಿದೆ, ಅಥವಾ ಬೇರೆಯಾಗಿ ನಡೆಯುತ್ತಿದೆ?

ಕೊನೆಯ ಪ್ರಶ್ನೆಗೆ ಜಾಸ್ತಿ ಹೊತ್ತು ಕೊಡಿ. ಹಠಾತ್ ಸಾವಿನಲ್ಲಿ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ನಿಜವಾದ ಉತ್ತರಗಳು ಅಲ್ಲಿ ಸಿಗುತ್ತವೆ.

ಎಂಟು ಹತ್ತು ಸಾಲು ಆದ ಮೇಲೆ ಇನ್ನೊಬ್ಬ ಸಹೋದ್ಯೋಗಿಗೆ ಓದಿ ಹೇಳಿ. "ಹೌದು, ಅದು ಅವರೇ" ಅಂತ ಅವರು ಯಾವ ಸಾಲಿಗೆ ಅನ್ನುತ್ತಾರೋ ಅದಕ್ಕೆ ಗುರುತು ಹಾಕಿ. ಬೇರೆ ಸಾಲುಗಳಿಗೆ ಒಂದು ಪರೀಕ್ಷೆ ಇದೆ. ಆ ಸಾಲಿನಲ್ಲಿ ಆಫೀಸಿನ ಇನ್ನೊಬ್ಬರ ಹೆಸರು ಹಾಕಿ ಓದಿ. ಆಗಲೂ ಸರಿಹೋದರೆ ಆ ಸಾಲು ಇವರದ್ದಲ್ಲ, ಹೊಡೆದುಹಾಕಿ. "ಯಾವಾಗಲೂ ಸಹಾಯಕ್ಕೆ ಮುಂದೆ ಬರುತ್ತಿದ್ದರು" ಅನ್ನುವುದು ಹತ್ತು ಜನಕ್ಕೆ ಸರಿಹೋಗುತ್ತದೆ. "ರಜೆಯ ಮೇಲೆ ಹೋದವರ ಫೋನನ್ನು ತಾವೇ ಎತ್ತಿ, ಯಾರು ಏನು ಕೇಳಿದರು ಅಂತ ಚೀಟಿ ಬರೆದಿಡುತ್ತಿದ್ದರು" ಅನ್ನುವುದು ಒಬ್ಬರಿಗೆ ಮಾತ್ರ.

3. ಒಂದನ್ನೇ ಆರಿಸಿಕೊಳ್ಳಿ

ಮೂರು ನಿಮಿಷಕ್ಕೆ ಒಂದು ಘಟನೆ ಅಥವಾ ಒಂದು ಅಭ್ಯಾಸ ಸಾಕು. ಎರಡು ಹಾಕಿದರೆ ಎರಡೂ ತೆಳುವಾಗುತ್ತವೆ. ಆರಿಸುವಾಗ ಮೂರು ವಿಷಯ ನೋಡಿ.

ಮೊದಲನೆಯದು, ಅವರ ತಾಯಿ ಇದನ್ನು ಕೇಳಬಹುದಾ? ಆಫೀಸಿನಲ್ಲಿ ಎಲ್ಲರೂ ನಕ್ಕ ಪ್ರಸಂಗ ಮನೆಯವರಿಗೆ ಚುಚ್ಚಬಹುದು. ನಗು ಪೂರ್ತಿ ನಿಷಿದ್ಧ ಅಲ್ಲ. ಆದರೆ ಅದು ತಾನಾಗಿ ಬರುವ ಸಣ್ಣ ನಗು ಆಗಿರಬೇಕು. ನಗಿಸಲು ಹೊರಟ ಮಾತು ಈ ಸಭೆಗಲ್ಲ.

ಎರಡನೆಯದು, ಕಥೆಯಲ್ಲಿ ಯಾರು ದೊಡ್ಡವರಾಗಿ ಕಾಣುತ್ತಾರೆ? "ನನ್ನ ಬಡ್ತಿಯ ಸುದ್ದಿ ಬಂದಾಗ ಅವರು ನನ್ನನ್ನು ಹೇಗೆ ಹೊಗಳಿದರು ಗೊತ್ತಾ" ಅಂತ ಶುರುವಾದರೆ ಅದು ನಿಮ್ಮ ಕಥೆ. ಬರೆದದ್ದರಲ್ಲಿ "ನಾನು", "ನನ್ನ", "ನನಗೆ" ಎಷ್ಟು ಸಲ ಬಂದಿದೆ ಎಣಿಸಿ. ಅವರ ಹೆಸರಿಗಿಂತ, "ಅವರು" ಅನ್ನುವುದಕ್ಕಿಂತ ಜಾಸ್ತಿ ಇದ್ದರೆ ಮತ್ತೆ ಬರೆಯಿರಿ.

ಮೂರನೆಯದು, ಹೊರಗಿನವರಿಗೆ ಅರ್ಥವಾಗುತ್ತದಾ? ಕೆಲಸದ ಪರಿಭಾಷೆ, ಅಂದರೆ ನಿಮ್ಮ ವಿಭಾಗದ ಒಳಗಿನವರಿಗೆ ಮಾತ್ರ ತಿಳಿಯುವ ಪದಗಳು, ಇದ್ದರೆ ಅದನ್ನು ಒಂದು ಸಾಲಿನಲ್ಲಿ ಬಿಡಿಸಿ ಹೇಳಿ. ಒಂದು ಸಾಲಿನಲ್ಲಿ ಆಗದಿದ್ದರೆ ಬೇರೆ ಘಟನೆ ಆರಿಸಿ.

ಆರಿಸಿದ ಮೇಲೆ ಮನೆಯ ಕಡೆಯವರಿಗೆ ಒಂದು ಸಾಲಿನಲ್ಲಿ ತಿಳಿಸಿ, "ಇದನ್ನು ಹೇಳಲಾ?" ಎಂದು ಕೇಳಿ. ಬೇಡ ಅಂದರೆ ಯಾಕೆ ಎಂದು ಕೇಳಬೇಡಿ.

ಹಲವರು ಮುಜುಗರದಿಂದ ಇನ್ನೊಂದು ವಿಷಯ ಕೇಳುತ್ತಾರೆ. ಅವರ ಜೊತೆ ನನಗೆ ಅಷ್ಟೇನೂ ಸಲಿಗೆ ಇರಲಿಲ್ಲ, ಅಥವಾ ನಮ್ಮಿಬ್ಬರಿಗೆ ಸರಿಬರುತ್ತಿರಲಿಲ್ಲ, ಈಗ ಏನು ಹೇಳಲಿ? ಇಲ್ಲದ ಆಪ್ತತೆ ತೋರಿಸಬೇಡಿ. ಸಭೆಯಲ್ಲಿ ಅದು ಗೊತ್ತಿರುವವರು ಇರುತ್ತಾರೆ. ದೂರದಿಂದ ಕಂಡದ್ದೂ ಕಂಡದ್ದೇ. "ನನಗೆ ಅವರ ಪರಿಚಯ ಇದ್ದದ್ದು ವಾರಕ್ಕೊಮ್ಮೆ ನಡೆಯುವ ಸಭೆಯಲ್ಲಿ ಮಾತ್ರ. ಅಲ್ಲಿ ಕಂಡ ಒಂದು ವಿಷಯ ಹೇಳುತ್ತೇನೆ" ಎಂದು ಶುರು ಮಾಡಿದರೆ ಜನ ಗಮನ ಕೊಟ್ಟು ಕೇಳುತ್ತಾರೆ. ಜಗಳ ಇದ್ದರೆ ಅದನ್ನು ಇಲ್ಲಿ ತರಬೇಡಿ, ಕ್ಷಮೆ ಕೇಳಲೂ ತರಬೇಡಿ. ಅದು ನಿಮ್ಮ ಭಾರ ಇಳಿಸಿಕೊಳ್ಳುವ ಜಾಗವಲ್ಲ. ಹೇಳಲು ಏನೂ ಸಿಗದಿದ್ದರೆ ಮಾತಾಡುವುದನ್ನು ಇನ್ನೊಬ್ಬರಿಗೆ ಬಿಟ್ಟುಕೊಡಿ. ಅದರಲ್ಲಿ ತಪ್ಪೇನಿಲ್ಲ.

4. ಬರೆಯುವುದು: ಒಂದು ಉದಾಹರಣೆ

ಒಂದು ಸಂದರ್ಭ ಊಹಿಸಿಕೊಳ್ಳಿ. ತೀರಿಕೊಂಡವರು ಲೆಕ್ಕಪತ್ರ ವಿಭಾಗದ ಹಿರಿಯ ಗುಮಾಸ್ತೆ. ತಾಯಿ, ಗಂಡ, ಓದುತ್ತಿರುವ ಮಗ ಇದ್ದಾರೆ. ಮಾತಾಡಬೇಕಾದವರು ಆರು ವರ್ಷ ಅವರ ಎದುರು ಮೇಜಿನಲ್ಲಿ ಕೂತವರು. ಅವರು ಮೊದಲು ಬರೆದದ್ದು ಹೀಗಿರಬಹುದು:

"ನಮ್ಮ ನೆಚ್ಚಿನ ——— ಅವರ ಅಕಾಲಿಕ ನಿಧನದ ಸುದ್ದಿ ನಮಗೆಲ್ಲ ಬರಸಿಡಿಲಿನಂತೆ ಎರಗಿತು. ಸದಾ ಹಸನ್ಮುಖಿಯಾಗಿದ್ದ ಅವರು ಸರಳ ಸಜ್ಜನಿಕೆಗೆ ಹೆಸರಾಗಿದ್ದರು. ಅವರ ಅಗಲಿಕೆ ಸಂಸ್ಥೆಗೆ ತುಂಬಲಾರದ ನಷ್ಟ. ಈ ದುಃಖವನ್ನು ಭರಿಸುವ ಶಕ್ತಿಯನ್ನು ದೇವರು ಅವರ ಕುಟುಂಬಕ್ಕೆ ಕರುಣಿಸಲಿ. ಅವರ ಆತ್ಮಕ್ಕೆ ಚಿರಶಾಂತಿ ಸಿಗಲಿ."

ಇದರಲ್ಲಿ ಕೆಟ್ಟದ್ದು ಏನೂ ಇಲ್ಲ. ಆದರೆ ಇದರಲ್ಲಿ ಅವರೂ ಇಲ್ಲ. ಹೆಸರಿನ ಜಾಗದಲ್ಲಿ ಯಾರನ್ನು ಹಾಕಿದರೂ ನಡೆಯುತ್ತದೆ. ಈಗ ಅದೇ ಮಾತು, ಕಂಡದ್ದನ್ನು ಇಟ್ಟುಕೊಂಡು:

"ನಾನು ———. ಲೆಕ್ಕಪತ್ರ ವಿಭಾಗದಲ್ಲಿ ಆರು ವರ್ಷ ——— ಅವರ ಎದುರು ಮೇಜಿನಲ್ಲಿ ಕೂತು ಕೆಲಸ ಮಾಡಿದೆ.

ನಮ್ಮಲ್ಲಿಗೆ ಬರುವ ಪ್ರತಿಯೊಂದು ಬಿಲ್ಲೂ ಅವರ ಕೈ ದಾಟಿ ಹೋಗಬೇಕಿತ್ತು. ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವುದು ನಮ್ಮ ರೂಢಿ. ಅವರು ಹಾಗೆ ಮಾಡುತ್ತಿರಲಿಲ್ಲ. ಪೆನ್ಸಿಲಿನಲ್ಲಿ ಒಂದು ಸಣ್ಣ ಚುಕ್ಕೆ ಇಡುತ್ತಿದ್ದರು. ಎದ್ದು ಬಂದು ಆ ಕಾಗದವನ್ನು ನಮ್ಮ ಮೇಜಿನ ಮೇಲೆ ಇಟ್ಟು, ಏನೂ ಹೇಳದೆ ಹೋಗುತ್ತಿದ್ದರು. ನಾವು ಸರಿಮಾಡಿ, ಚುಕ್ಕೆ ಅಳಿಸಿ, ವಾಪಸ್ ಕೊಡುತ್ತಿದ್ದೆವು. ಮೇಲಿನವರ ಹತ್ತಿರ ಹೋಗುವ ಹೊತ್ತಿಗೆ ಆ ಕಾಗದದಲ್ಲಿ ಯಾರ ತಪ್ಪೂ ಇರುತ್ತಿರಲಿಲ್ಲ.

ನಾನು ಸೇರಿದ ಮೊದಲ ತಿಂಗಳು ನನ್ನ ಕಾಗದಗಳ ತುಂಬಾ ಚುಕ್ಕೆಗಳು. ಅದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಾಗಲಿಲ್ಲ. ಇದೇ ಮಾತನ್ನು ಹೇಳಬಲ್ಲವರು ಈ ಕೋಣೆಯಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ, ಹೊಸದಾಗಿ ಸೇರಿದ ಹುಡುಗನ ಬಿಲ್ಲೊಂದು ನನ್ನ ಕೈಗೆ ಬಂತು. ತಪ್ಪಿತ್ತು. ನಾನು ಪೆನ್ಸಿಲ್ ಹುಡುಕಿದೆ.

ಅಮ್ಮ, ——— ಅವರೇ, ———, ಬೆಳಿಗ್ಗೆ ಮನೆಯಿಂದ ಹೊರಟ ಮೇಲೆ ಅವರು ಏನು ಮಾಡುತ್ತಿದ್ದರು ಅಂತ ನಿಮಗೆ ಹೇಳಬೇಕು ಅನ್ನಿಸಿತು. ಇದನ್ನು ಮಾಡುತ್ತಿದ್ದರು. ಅವರ ಮೇಜಿನ ಡ್ರಾಯರಿನಲ್ಲಿ ಸವೆದು ಗಿಡ್ಡವಾದ ಮೂರು ಪೆನ್ಸಿಲ್ ಇವೆ. ಅವು ನಿಮ್ಮವು. ನೀವು ಹೇಳಿದ ದಿನ ತಂದುಕೊಡುತ್ತೇನೆ."

ಮೂರು ನಿಮಿಷಕ್ಕೆ ಇದು ಧಾರಾಳವಾಗಿ ಹಿಡಿಯುತ್ತದೆ. ಮಧ್ಯೆ ಮಧ್ಯೆ ನಿಲ್ಲಿಸಿ ಓದಿದರೂ ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ.

ಇದು ಹೇಗೆ ಕಟ್ಟಿಕೊಂಡಿದೆ ನೋಡಿ. ಒಂದು ಸಾಲಿನಲ್ಲಿ "ನಾನು ಯಾರು, ಅವರನ್ನು ಎಲ್ಲಿಂದ ನೋಡಿದೆ" ಮುಗಿಯುತ್ತದೆ. ಆಮೇಲೆ ಒಂದು ಅಭ್ಯಾಸ. ಅದರಿಂದ ಜೊತೆಯವರಿಗೆ ಏನಾಯಿತು ಅನ್ನುವುದು. ಅವರಿಲ್ಲದ ಮೇಲಿನ ಒಂದು ಗಳಿಗೆ. ಕೊನೆಗೆ ಮನೆಯವರ ಕಡೆ ತಿರುಗುವುದು. "ಅವರು ದಯಾಳು" ಎಂದು ಎಲ್ಲೂ ಹೇಳಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ, ಅಲ್ವಾ? ಪೆನ್ಸಿಲ್ ಹುಡುಕಿದ ಸಾಲಿಗೂ ವಿವರಣೆ ಸೇರಿಸಿಲ್ಲ. "ಆಗ ನನಗೆ ಅವರ ದೊಡ್ಡತನ ಅರ್ಥವಾಯಿತು" ಎಂದು ಸೇರಿಸಲು ಮನಸ್ಸಾಗುತ್ತದೆ. ಸೇರಿಸಿದ ಕೂಡಲೇ ಆ ಸಾಲು ಕೆಡುತ್ತದೆ.

ಕೊನೆಯ ಮಾತಿನ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಮಾತು ಕೊಟ್ಟರೆ ಅದು ಉಳಿಸಿಕೊಳ್ಳುವಂಥದ್ದು ಆಗಿರಲಿ. "ನಾವು ಸದಾ ನಿಮ್ಮ ಜೊತೆ ಇರುತ್ತೇವೆ" ಅನ್ನುವುದು ಯಾರಿಂದಲೂ ಆಗದ ಮಾತು. ಪೆನ್ಸಿಲ್ ತಂದುಕೊಡುವುದು ಆಗುವ ಮಾತು. ಮೇಜಿನ ವಸ್ತುಗಳನ್ನು ಕೊಡಲು ಆಫೀಸಿನ ಒಪ್ಪಿಗೆ ಬೇಕಿದ್ದರೆ ಮೊದಲೇ ಪಡೆದಿರಿ. ಮಾತು ಕೊಡಲು ಏನೂ ಇಲ್ಲದಿದ್ದರೆ "ಇದನ್ನು ಮಾಡುತ್ತಿದ್ದರು" ಅನ್ನುವಲ್ಲೇ ನಿಲ್ಲಿಸಿ.

5. ಪದಗಳನ್ನು ತಿದ್ದುವುದು

ಸವಕಲು ಮಾತು ಅಂದರೆ ಎಷ್ಟೋ ಜನ ಬಳಸಿ ಬಳಸಿ, ಕೇಳುವವರ ಕಿವಿ ಅದನ್ನು ದಾಟಿಹೋಗುವಷ್ಟು ಸವೆದ ಮಾತು. ಸಂತಾಪದ ಮಾತುಗಳಲ್ಲಿ ಇವು ಗುಂಪಾಗಿ ಬರುತ್ತವೆ: ಬರಸಿಡಿಲು, ತುಂಬಲಾರದ ನಷ್ಟ, ಅಜಾತಶತ್ರು, ಬಹುಮುಖ ಪ್ರತಿಭೆ, ವಿಧಿಯ ಕ್ರೂರ ಆಟ, ನಮ್ಮೆಲ್ಲರ ಮನದಲ್ಲಿ ಸದಾ ಜೀವಂತ. ಬರೆದದ್ದರಲ್ಲಿ ಇವು ಕಂಡರೆ ಬೇರೆ ಚಂದದ ಪದ ಹುಡುಕಬೇಡಿ. ಆ ಪದ ಯಾವುದನ್ನು ಮುಚ್ಚಿಟ್ಟಿದೆ ಎಂದು ಕೇಳಿಕೊಳ್ಳಿ. "ತುಂಬಲಾರದ ನಷ್ಟ" ಎಂದು ಬರೆದಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು? ತಿಂಗಳ ಕೊನೆಯ ಲೆಕ್ಕ ಯಾರಿಗೂ ತಾಳೆಯಾಗುತ್ತಿಲ್ಲ ಅನ್ನುವುದಾ? ಹಾಗಾದರೆ ಅದನ್ನೇ ಹೇಳಿ. "ಸುದ್ದಿ ಬರಸಿಡಿಲಿನಂತೆ ಎರಗಿತು" ಅನ್ನುವ ಬದಲು "ಗುರುವಾರ ಸಂಜೆ ಆರಕ್ಕೆ ಅವರು ನನಗೆ ಒಂದು ಫೈಲ್ ಕೊಟ್ಟರು. ಶುಕ್ರವಾರ ಬೆಳಿಗ್ಗೆ ಫೋನ್ ಬಂತು" ಅಂದರೆ ಸಾಕು.

ಸಾವನ್ನು ಹೇಳುವ ಪದವನ್ನೂ ಆರಿಸಿಕೊಳ್ಳಬೇಕು. "ಇಹಲೋಕ ತ್ಯಜಿಸಿದರು", "ಕಾಲನ ಕರೆಗೆ ಓಗೊಟ್ಟರು" ಎಂದು ಯಾರೂ ಪಕ್ಕದವರ ಹತ್ತಿರ ಮಾತಾಡುವಾಗ ಹೇಳುವುದಿಲ್ಲ. "ತೀರಿಕೊಂಡರು" ಅನ್ನಿ. ಸರಳವಾಗಿದೆ, ಗೌರವವೂ ಇದೆ. ಹೆಸರಿನ ಮುಂದೆ "ದಿವಂಗತ" ಹಚ್ಚುವುದನ್ನು ನಾನು ಬೇಡ ಅನ್ನುತ್ತೇನೆ. ಸಾವಾಗಿ ಒಂದು ವಾರವೂ ಆಗದ ಮನೆಯವರು ಆ ಪದ ಕೇಳಲು ಇನ್ನೂ ತಯಾರಾಗಿರುವುದಿಲ್ಲ.

ಇನ್ನು ಏಕವಚನ, ಬಹುವಚನ. ಆಫೀಸಿನಲ್ಲಿ "ಏನೋ", "ಬಾರೇ" ಎಂದು ಮಾತಾಡಿಕೊಂಡವರಾದರೂ ಮೈಕಿನಲ್ಲಿ "ಅವರು" ಎಂದೇ ಹೇಳಿ. ಸಲಿಗೆ ನಿಮ್ಮಿಬ್ಬರ ನಡುವಿನದು, ಕೇಳುತ್ತಿರುವವರಲ್ಲಿ ಅವರ ಮಕ್ಕಳೂ ಇರುತ್ತಾರೆ. ತುಂಬಾ ಆಪ್ತರಾಗಿದ್ದು "ಅವನು" ಎಂದೇ ಹೇಳಬೇಕು ಅನ್ನಿಸಿದರೆ ಮನೆಯವರನ್ನು ಕೇಳಿ, ಮೊದಲ ಸಾಲಿನಿಂದ ಕೊನೆಯವರೆಗೆ ಹಾಗೇ ಇಟ್ಟುಕೊಳ್ಳಿ. ಒಂದು ಸಾಲಿನಲ್ಲಿ "ಅವರು", ಮುಂದಿನದರಲ್ಲಿ "ಅವನು" ಬಂದರೆ ಕೇಳುವವರಿಗೆ ಕಸಿವಿಸಿ.

"ಮಾಡುತ್ತಾರೆ", "ಮಾಡುತ್ತಿದ್ದರು" ಎರಡೂ ಬೆರೆಯುವುದು ಸಹಜ. ಬರೆಯುವಾಗ "ಮಾಡುತ್ತಿದ್ದರು" ಎಂದು ತಿದ್ದಿಕೊಳ್ಳಿ. ಓದುವಾಗ ಬಾಯಿ ತಪ್ಪಿ "ಮಾಡುತ್ತಾರೆ" ಬಂದರೆ ಸುಮ್ನೆ ಮುಂದೆ ಹೋಗಿ. ಅಲ್ಲಿ ನಿಂತು ತಿದ್ದಿಕೊಂಡರೆ ಅವರಿಲ್ಲ ಅನ್ನುವುದನ್ನು ಮನೆಯವರಿಗೆ ಎರಡು ಸಲ ಹೇಳಿದಂತಾಗುತ್ತದೆ.

6. ಹಠಾತ್ ಸಾವಿನಲ್ಲಿ ಹೇಳಲೇಬಾರದ ಮಾತುಗಳು

ದೀರ್ಘ ಕಾಯಿಲೆಯ ಸಾವಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಇಲ್ಲಿ ಮನೆಯವರ ತಲೆಯಲ್ಲಿ "ಹೀಗೆ ಮಾಡಿದ್ದರೆ ಉಳಿಯುತ್ತಿದ್ದರೇನೋ" ಅನ್ನುವುದು ಸುತ್ತುತ್ತಲೇ ಇರುತ್ತದೆ. ಅದಕ್ಕೆ ತುಪ್ಪ ಸುರಿಯುವ ಯಾವ ಮಾತೂ ಬೇಡ.

"ಕಳೆದ ವಾರ ಅವರು ಸುಸ್ತಾದಂತೆ ಕಾಣುತ್ತಿದ್ದರು" ಅನ್ನುವುದು ಪ್ರೀತಿಯಿಂದ ಬರುವ ಮಾತು. ಆದರೆ ಅದನ್ನು ಕೇಳಿದ ಹೆಂಡತಿಗೆ ಅದು "ನಾನು ಯಾಕೆ ಗಮನಿಸಲಿಲ್ಲ" ಎಂದು ಕೇಳಿಸುತ್ತದೆ. "ಎಷ್ಟೋ ಸಲ ರಜೆ ತೆಗೆದುಕೊಳ್ಳಿ ಎಂದು ಹೇಳಿದ್ದೆ" ಅನ್ನುವುದು ಹೋದವರ ಮೇಲೆ ತಪ್ಪು ಹೊರಿಸುತ್ತದೆ. "ನೋವಿಲ್ಲದೆ ಹೋದರು, ಪುಣ್ಯವಂತರು" ಅನ್ನುವುದು ನಿಮಗೆ ಗೊತ್ತಿಲ್ಲದ ವಿಷಯ. "ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ" ಎಂದು ಮಗನ ಮುಂದೆ ಹೇಳಿದರೆ ಆ ಹುಡುಗ ಏನು ಅರ್ಥ ಮಾಡಿಕೊಳ್ಳಬೇಕು?

ಅಪಘಾತವಾಗಿದ್ದರೆ, ಅದರಲ್ಲೂ ಕೆಲಸದ ಜಾಗದಲ್ಲೇ ಆಗಿದ್ದರೆ, ಅದು ಹೇಗಾಯಿತು, ಯಾರ ತಪ್ಪು ಎಂಬ ಮಾತು ಸಭೆಯಲ್ಲಿ ಬೇಡ. ವಿಚಾರಣೆ ನಡೆಯುತ್ತಿರಬಹುದು. ಮನೆಯವರಿಗೆ ಪೂರ್ತಿ ವಿವರ ತಿಳಿದಿರದೆಯೂ ಇರಬಹುದು. ಆ ಪ್ರಶ್ನೆ ಕೇಳಬೇಕಾದದ್ದೇ. ಕೇಳುವ ಜಾಗ ಬೇರೆ ಇದೆ.

ಆತ್ಮಹತ್ಯೆಯಾಗಿದ್ದರೆ ಇನ್ನೂ ಎಚ್ಚರ. ಇಂಥ ಸಾವಿನ ಸುದ್ದಿ ಬರೆಯುವಾಗ ವಿಧಾನವನ್ನು ವಿವರಿಸಬೇಡಿ, ಒಂದೇ ಒಂದು ಕಾರಣಕ್ಕೆ ಕಟ್ಟಿಹಾಕಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗೆ ಹೇಳುತ್ತದೆ. ಸಭೆಯ ಮಾತಿಗೂ ಅದು ಹೊಂದುತ್ತದೆ. ಕೇಳುತ್ತಿರುವವರಲ್ಲಿ ಅದೇ ಯೋಚನೆಯೊಂದಿಗೆ ಸೆಣಸುತ್ತಿರುವವರು ಇರಬಹುದು. "ಕೊನೆಗೂ ನೆಮ್ಮದಿ ಸಿಕ್ಕಿತು" ಎಂದೂ ಹೇಳಬೇಡಿ, ಸಾವೇ ಪರಿಹಾರ ಎಂದು ಹೇಳಿದಂತಾಗುತ್ತದೆ. ಮನೆಯವರು ಕಾರಣ ಹೇಳಬೇಡಿ ಅಂದಿದ್ದರೆ "ಅವರು ಮಂಗಳವಾರ ತೀರಿಕೊಂಡರು" ಅಷ್ಟೇ ಸಾಕು. ಅವರು ಬದುಕಿದ್ದ ದಿನಗಳ ಬಗ್ಗೆ ಮಾತಾಡಿ.

7. ಹಾಳೆಗೆ ಇಳಿಸಿ, ಜೋರಾಗಿ ಓದಿ

ಬಾಯಿಪಾಠ ಮಾಡಬೇಡಿ. ದುಃಖದಲ್ಲಿ ನೆನಪು ಕೈಕೊಡುತ್ತದೆ. ಫೋನಿನಲ್ಲಿ ಓದುವುದೂ ಬೇಡ, ಪರದೆ ಆರಿಹೋಗುತ್ತದೆ, ಮಧ್ಯೆ ಸಂದೇಶ ಬರುತ್ತದೆ. ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅಚ್ಚು ಹಾಕುವುದಾದರೆ 16 ಅಥವಾ 18 ಪಾಯಿಂಟ್ ಗಾತ್ರ ಇರಲಿ, ಸಾಲುಗಳ ನಡುವೆ ಎರಡರಷ್ಟು ಜಾಗ ಇರಲಿ. ಹಾಳೆಯ ಒಂದೇ ಬದಿ ಬಳಸಿ. ವಾಕ್ಯವೊಂದು ಅರ್ಧ ಈ ಹಾಳೆಯಲ್ಲಿ, ಅರ್ಧ ಮುಂದಿನದರಲ್ಲಿ ಬರದ ಹಾಗೆ ನೋಡಿಕೊಳ್ಳಿ. ಹಾಳೆಗೆ ಸಂಖ್ಯೆ ಹಾಕಿ. ಕೈ ನಡುಗುತ್ತದೆ ಅನ್ನಿಸಿದರೆ ಗಟ್ಟಿ ರಟ್ಟಿಗೆ ಅಂಟಿಸಿ, ಆಗ ಹಾಳೆಯ ಸದ್ದು ಮೈಕಿಗೆ ಕೇಳಿಸುವುದಿಲ್ಲ.

ಗಡಿಯಾರ ಇಟ್ಟುಕೊಂಡು ಮೂರು ಸಲ ಜೋರಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಲೆಕ್ಕಕ್ಕಿಲ್ಲ. ಮೊದಲ ಸಲ ಓದುವಾಗ ಎಲ್ಲೋ ಒಂದು ಕಡೆ ಗಂಟಲು ಕಟ್ಟುತ್ತದೆ. ಆ ಸಾಲಿನ ಪಕ್ಕ ಒಂದು ಗೆರೆ ಎಳೆಯಿರಿ, ಸಭೆಯಲ್ಲೂ ಅಲ್ಲೇ ಕಟ್ಟುತ್ತದೆ. ಅದರ ಹಿಂದಿನ ಸಾಲು ಮುಗಿದ ಮೇಲೆ ನಿಂತು ಉಸಿರು ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿ. ಮೂರು ನಿಮಿಷ ದಾಟಿದರೆ ಬೇಗ ಬೇಗ ಓದಬೇಡಿ, ಒಂದು ಭಾಗ ತೆಗೆಯಿರಿ.

ಇನ್ನೊಂದು ಪ್ರತಿ ಮಾಡಿ, ನಂಬಿಕೆಯ ಒಬ್ಬರ ಕೈಗೆ ಕೊಟ್ಟಿರಿ. ನಿಮ್ಮಿಂದ ಆಗದಿದ್ದರೆ ನಿಂತ ಜಾಗದಿಂದ ಅವರು ಮುಂದುವರಿಸುತ್ತಾರೆ ಎಂದು ಮೊದಲೇ ಮಾತಾಡಿಕೊಂಡಿರಿ. ಹೀಗೊಂದು ವ್ಯವಸ್ಥೆ ಇದೆ ಅನ್ನುವ ಧೈರ್ಯಕ್ಕೇ ಎಷ್ಟೋ ಜನ ಕೊನೆಯವರೆಗೆ ಓದಿಬಿಡುತ್ತಾರೆ.

8. ಮೈಕಿನ ಮುಂದೆ

ಹೋಗಿ ನಿಲ್ಲಿ. ಹಾಳೆ ಇಟ್ಟುಕೊಳ್ಳಿ. ಒಮ್ಮೆ ಉಸಿರು ಪೂರ್ತಿ ಹೊರಗೆ ಬಿಡಿ. ಆಮೇಲೆ ಶುರು ಮಾಡಿ. ವೇದಿಕೆಯ ಮೇಲಿರುವವರಿಗೆಲ್ಲ ಹೆಸರು ಹಿಡಿದು ವಂದಿಸುವ ಪದ್ಧತಿಯನ್ನು ಇಲ್ಲಿ ಬಿಟ್ಟುಬಿಡಿ. "ಇಂಥ ಸಂದರ್ಭದಲ್ಲಿ ಮಾತಾಡಬೇಕಾಗಿ ಬಂದದ್ದು ನನ್ನ ದುರ್ದೈವ" ಎಂಬ ಪೀಠಿಕೆಯೂ ಬೇಡ. ಮೊದಲ ಮಾತು ನಿಮ್ಮ ಹೆಸರು, ಎರಡನೆಯದು ಅವರ ಹೆಸರು.

ನಿಮಗಿಂತ ಮುಂಚೆ ಮಾತಾಡಿದವರು ನಿಮ್ಮ ಘಟನೆಯನ್ನೇ ಹೇಳಿಬಿಟ್ಟರೆ ಗಾಬರಿ ಬೇಡ. "ಪೆನ್ಸಿಲಿನ ವಿಷಯ ಈಗ ಕೇಳಿದಿರಿ. ನನ್ನ ಮೇಜಿಗೂ ಆ ಕಾಗದ ಬರುತ್ತಿತ್ತು" ಎಂದು ಅಲ್ಲಿಂದ ಎತ್ತಿಕೊಳ್ಳಿ. ನಿಮ್ಮ ಮಾತು ಅರ್ಧಕ್ಕೆ ಇಳಿಯುತ್ತದೆ, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಅಳು ಬಂದರೆ ನಿಲ್ಲಿಸಿ. "ಕ್ಷಮಿಸಿ" ಅನ್ನಬೇಡಿ, ತಪ್ಪೇನೂ ಮಾಡಿಲ್ಲ. ಕಣ್ಣನ್ನು ಹಾಳೆಯ ಮೇಲೆ ಇಟ್ಟು, ಒಂದು ಗುಟುಕು ನೀರು ಕುಡಿದು, ನಿಂತ ವಾಕ್ಯವನ್ನು ಮೊದಲಿನಿಂದ ಓದಿ. ಆ ಮೌನ ನಿಮಗೆ ತುಂಬಾ ಉದ್ದ ಅನ್ನಿಸುತ್ತದೆ. ಕೂತವರಿಗೆ ಹಾಗೆ ಅನ್ನಿಸುವುದಿಲ್ಲ. ಮನೆಯವರನ್ನು ಉದ್ದೇಶಿಸಿದ ಸಾಲುಗಳನ್ನು ಅವರ ಕಡೆ ನೋಡಿ ಹೇಳಲು ಆಗದಿದ್ದರೆ ಹಾಳೆ ನೋಡಿಯೇ ಹೇಳಿ, ಧ್ವನಿ ಮಾತ್ರ ಕೇಳಿಸುವಂತಿರಲಿ.

ಕೊನೆಯ ವಾಕ್ಯ ಮುಗಿದ ಮೇಲೆ ಏನನ್ನೂ ಸೇರಿಸಬೇಡಿ. "ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ" ಎಂಬುದು ನಾಲಿಗೆಯ ತುದಿಗೆ ಬಂದೇ ಬರುತ್ತದೆ, ತಡೆಯಿರಿ. ಮೂರು ಉಸಿರಿನಷ್ಟು ಹೊತ್ತು ಹಾಗೇ ನಿಂತು, ಹಾಳೆ ಮಡಚಿ, ನಿಮ್ಮ ಜಾಗಕ್ಕೆ ಬನ್ನಿ. ಮೌನಾಚರಣೆ ನಡೆಸುವ ಜವಾಬ್ದಾರಿ ನಿಮಗೇ ಬಿದ್ದಿದ್ದರೆ ಗಡಿಯಾರ ನೋಡಿ ಒಂದು ನಿಮಿಷ ಪೂರ್ತಿ ಮಾಡಿ. ಅಂದಾಜಿನಲ್ಲಿ ಬಿಟ್ಟರೆ ಅದು ಇಪ್ಪತ್ತು ಮೂವತ್ತು ಸೆಕೆಂಡಿಗೇ ಮುಗಿದುಹೋಗುತ್ತದೆ.

ಸಭೆ ಮುಗಿದ ಮೇಲೆ ಆ ಹಾಳೆಯನ್ನು ಮನೆಗೆ ತರಬೇಡಿ. ಲಕೋಟೆಗೆ ಹಾಕಿ, ಮೇಲೆ ನಿಮ್ಮ ಹೆಸರು, ಫೋನ್ ನಂಬರು ಬರೆದು, ವ್ಯವಸ್ಥೆ ನೋಡಿಕೊಳ್ಳುತ್ತಿರುವ ಬಂಧುವಿಗೆ ಕೊಡಿ. ಆ ಸಂಜೆ ಮನೆಯವರಿಗೆ ನೀವು ಹೇಳಿದ್ದು ಅರ್ಧವೂ ಕೇಳಿಸಿರುವುದಿಲ್ಲ. ತಿಂಗಳುಗಳ ನಂತರ ಒಂದು ದಿನ ಅವರು ಅದನ್ನು ತೆಗೆದು ಓದಬಹುದು.